ಮೂಲವ್ಯಾಧಿಗೆ ಐಸ್ ಪ್ಯಾಕ್: ಎಷ್ಟು ತಣ್ಣಗೆ, ಎಷ್ಟು ಹೊತ್ತು?

ಪೈಲ್ಸ್ ಊದಿಕೊಂಡು ಕೂರಲೂ ಆಗದೆ, ಮಲಗಲೂ ಆಗದೆ ಒದ್ದಾಡುವ ರಾತ್ರಿ ಔಷಧದ ಅಂಗಡಿ ಮುಚ್ಚಿರುತ್ತದೆ. ಡಾಕ್ಟರಿಗೆ ತೋರಿಸಲು ಸಂಕೋಚ ಬೇರೆ. ಆಗ ಮನೆಯಲ್ಲೇ ಕೈಗೆ ಸಿಗುವುದು ಫ್ರಿಜ್ಜಿನೊಳಗಿನ ಐಸು. ಅದನ್ನು ಬಳಸುವುದರಲ್ಲಿ ತಪ್ಪೇನೂ ಇಲ್ಲ. ವೈದ್ಯರೇ ಹೇಳುವ ಉಪಾಯ ಅದು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಮೂಲವ್ಯಾಧಿಯವರಿಗೆ ಕೊಡುವ ಸಲಹೆಗಳಲ್ಲೂ ಬಟ್ಟೆ ಸುತ್ತಿದ ಐಸ್ ಪ್ಯಾಕ್ ಸೇರಿದೆ. ಆದರೆ ಮೈಯಲ್ಲೇ ಅತಿ ನಾಜೂಕಾದ ಚರ್ಮದ ಮೇಲೆ, ನಮ್ಮ ಕಣ್ಣಿಗೇ ಕಾಣದ ಜಾಗದಲ್ಲಿ, ನೋವಿನ ಆತುರದಲ್ಲಿ ಇಡುವ ವಸ್ತು ಇದು. ಬೆಂಕಿ ತಗುಲಿದರೆ ಕೈ ತಾನಾಗಿ ಹಿಂದೆ ಸರಿಯುತ್ತದೆ. ಐಸು ಹಾಗಲ್ಲ. ಅದು ಮೊದಲು ಮರಗಟ್ಟಿಸಿ, ಆಮೇಲೆ ಸುಡುತ್ತದೆ.

ಐಸು ಎಲ್ಲ ಬಗೆಯ ಪೈಲ್ಸಿಗೂ ಅಲ್ಲ. ಗುದನಾಳದ ಒಳಗಡೆ, ಮೇಲ್ಭಾಗದಲ್ಲಿ ಊದುವ ರಕ್ತನಾಳಗಳ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ಮಲದ ಜೊತೆ ಕೆಂಪು ರಕ್ತ ಬೀಳಿಸಿ ಗಾಬರಿಪಡಿಸುತ್ತದೆ, ಅಷ್ಟೆ. ಹೊರಗಿಟ್ಟ ಐಸು ಅಲ್ಲಿಗೆ ಮುಟ್ಟುವುದೂ ಇಲ್ಲ. ಗುದದ್ವಾರದ ಅಂಚಿನಲ್ಲಿ, ಚರ್ಮದ ಅಡಿಯಲ್ಲಿ ಊದುವ ಗಂಟು ಬೇರೆ ಥರದ್ದು. ಅಲ್ಲಿ ನೋವಿನ ನರಗಳು ದಟ್ಟವಾಗಿವೆ. ಮುಕ್ಕರಿದಾಗಲೋ, ಭಾರ ಎತ್ತಿದಾಗಲೋ, ಹೆರಿಗೆಯ ಸಮಯದಲ್ಲೋ ಅಲ್ಲಿನ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿದರೆ ಕೆಲವೇ ಗಂಟೆಗಳಲ್ಲಿ ನೀಲಿ ಬಣ್ಣದ, ಬಿಗಿಯಾದ, ಮುಟ್ಟಿದರೆ ಜೀವ ಹೋಗುವಂಥ ಗಂಟು ಏಳುತ್ತದೆ. ಐಸು ನಿಜವಾಗಿ ಕೆಲಸಕ್ಕೆ ಬರುವುದು ಇಂಥ ಗಂಟಿಗೆ, ಅದರಲ್ಲೂ ಮೊದಲ ಎರಡು ದಿನಗಳಲ್ಲಿ.

ಐಸು ಮಾಡುವ ಕೆಲಸ ಎರಡು. ತಂಪಿಗೆ ರಕ್ತನಾಳಗಳು ಕುಗ್ಗುತ್ತವೆ, ಗಂಟಿನ ಸುತ್ತ ನೀರು ತುಂಬಿಕೊಂಡು ಬಾವು ಹೆಚ್ಚುವುದು ನಿಧಾನವಾಗುತ್ತದೆ. ಜೊತೆಗೆ ನೋವಿನ ಸುದ್ದಿ ಒಯ್ಯುವ ನರಗಳು ಮಂದವಾಗುತ್ತವೆ. ಚರ್ಮದ ಉಷ್ಣತೆ ಸುಮಾರು 13-14 ಡಿಗ್ರಿಗೆ ಇಳಿದಾಗ ಈ ಮಂಪರು ಚೆನ್ನಾಗಿ ಹಿಡಿಯುತ್ತದೆ. ಐಸಿನ ಕೈಲಾಗದ ಕೆಲಸವೂ ಒಂದಿದೆ, ಒಳಗಿನ ಹೆಪ್ಪನ್ನು ಅದು ಕರಗಿಸಲಾರದು. ಹೆಪ್ಪನ್ನು ದೇಹವೇ ಕೆಲವು ವಾರಗಳಲ್ಲಿ ಮೆಲ್ಲಗೆ ಹೀರಿಕೊಳ್ಳಬೇಕು. ಗಂಟು ಇನ್ನೂ ಇದೆಯಲ್ಲ ಎಂದು ಹತ್ತನೇ ದಿನವೂ ಐಸ್ ಒತ್ತುತ್ತಾ ಕೂರುವವರಿಗೆ ಇದು ಗೊತ್ತಿರುವುದಿಲ್ಲ.

ಪ್ಯಾಕಿನ ವಿಷಯದಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಔಷಧದ ಅಂಗಡಿಯಲ್ಲಿ ಸಿಗುವ ನೀಲಿ ಜೆಲ್ ಪ್ಯಾಕ್ ಮೆತ್ತಗಿರುತ್ತದೆ. ಮೆತ್ತಗಿರುವುದರಿಂದ ಐಸಿನ ಗಟ್ಟಿಗಿಂತ ಸೌಮ್ಯ ಎಂದು ಅನ್ನಿಸುತ್ತದೆ. ಆಗುವುದು ತಿರುಗಾ ಮುರುಗಾ. ಮನೆಯ ಫ್ರೀಜರ್ ಸಾಮಾನ್ಯವಾಗಿ ಸೊನ್ನೆಗಿಂತ ಹದಿನೆಂಟು ಡಿಗ್ರಿಯಷ್ಟು ಕೆಳಗಿರುತ್ತದೆ. ರಾತ್ರಿಯಿಡೀ ಅಲ್ಲಿದ್ದ ಜೆಲ್ ಪ್ಯಾಕ್ ಕೂಡ ಅಷ್ಟೇ ತಣ್ಣಗಿರುತ್ತದೆ, ಬಗ್ಗುವಂತಿದ್ದರೂ. ನೀರಿನಲ್ಲಿ ತೇಲುತ್ತಾ ಕರಗುತ್ತಿರುವ ಐಸಿನ ಉಷ್ಣತೆ ಮಾತ್ರ ಸರಿಯಾಗಿ ಸೊನ್ನೆ ಡಿಗ್ರಿ. ಕೊನೆಯ ಚೂರು ಕರಗುವವರೆಗೂ ಅದು ಸೊನ್ನೆಯಿಂದ ಕೆಳಗೆ ಇಳಿಯುವುದಿಲ್ಲ. ಚರ್ಮದ ಜೀವಕೋಶಗಳು ಹೆಪ್ಪುಗಟ್ಟಲು ಸೊನ್ನೆಗಿಂತ ಸ್ವಲ್ಪವಾದರೂ ಕೆಳಗಿನ ಉಷ್ಣತೆ ಬೇಕು. ಹಾಗಾಗಿ ಕರಗುವ ಐಸಿನ ಚೀಲದಲ್ಲಿ ಒಂದು ರಕ್ಷಣೆ ತಾನಾಗಿಯೇ ಇದೆ, ಫ್ರೀಜರಿನಿಂದ ತೆಗೆದ ಜೆಲ್ ಪ್ಯಾಕಿನಲ್ಲಿ ಇಲ್ಲ. ಫ್ರೋಜನ್ ಬಟಾಣಿ ಪೊಟ್ಟಣದ ಕಥೆಯೂ ಜೆಲ್ ಪ್ಯಾಕಿನದೇ. ಜೆಲ್ ಪ್ಯಾಕೇ ಬೇಕೆಂದರೆ ಅದನ್ನು ಫ್ರೀಜರಿನಲ್ಲಿಡದೆ ಕೆಳಗಿನ ಫ್ರಿಜ್ಜಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ತಂಪು ಕೊಂಚ ಕಡಿಮೆಯಾದರೂ ಭಯವಿಲ್ಲ.

ಮನೆಯಲ್ಲಿ ಮಾಡಿಕೊಳ್ಳುವ ಪ್ಯಾಕ್ ಸುಲಭ. ಅಂಗೈಯಷ್ಟು ಅಗಲದ, ಬಾಯಿ ಒತ್ತಿ ಮುಚ್ಚುವ ಪ್ಲಾಸ್ಟಿಕ್ ಪೌಚಿಗೆ ಅರ್ಧ ಲೋಟ ಪುಡಿ ಮಾಡಿದ ಐಸು, ಕಾಲು ಲೋಟ ನೀರು. ಐಸನ್ನು ಬಟ್ಟೆಯಲ್ಲಿ ಕಟ್ಟಿ ಲಟ್ಟಣಿಗೆಯಿಂದ ಕುಟ್ಟಿದರೆ ಪುಡಿಯಾಗುತ್ತದೆ. ಒಳಗಿನ ಗಾಳಿಯನ್ನೆಲ್ಲ ಹಿಂಡಿ ಬಾಯಿ ಮುಚ್ಚಿದರೆ ಚೀಲ ಚಪ್ಪಟೆಯಾಗಿ, ಒತ್ತಿದ ಕಡೆಗೆ ಬಾಗುತ್ತದೆ. ಐಸಿನ ಗಟ್ಟಿಗಳನ್ನು ಹಾಗೇ ತುಂಬಿದರೆ ಮೂಲೆಗಳು ಗಂಟಿಗೆ ಚುಚ್ಚುತ್ತವೆ. ಇನ್ನೂ ತಣ್ಣಗಿರಲಿ ಎಂದು ಉಪ್ಪು ಹಾಕುವವರಿದ್ದಾರೆ, ಮೆತ್ತಗಿರಲಿ ಎಂದು ಸರ್ಜಿಕಲ್ ಸ್ಪಿರಿಟ್ ಬೆರೆಸಿ ಫ್ರೀಜರಿನಲ್ಲಿಡುವವರೂ ಇದ್ದಾರೆ. ಎರಡೂ ಉಷ್ಣತೆಯನ್ನು ಸೊನ್ನೆಗಿಂತ ಕೆಳಕ್ಕೆ ಎಳೆಯುತ್ತವೆ. ಉಪ್ಪು ಹಾಕಿದ ಐಸು ಕುಲ್ಫಿ ಮಾಡಲು ಸರಿ, ಚರ್ಮಕ್ಕಲ್ಲ.

ಇನ್ನು ಸುತ್ತುವ ಬಟ್ಟೆ. ದಪ್ಪ ಟರ್ಕಿ ಟವೆಲನ್ನು ನಾಲ್ಕು ಮಡಿಕೆ ಮಾಡಿ ಸುತ್ತಿದರೆ ತಂಪು ಚರ್ಮಕ್ಕೆ ತಲುಪುವುದೇ ಇಲ್ಲ. ಇಪ್ಪತ್ತು ನಿಮಿಷ ಇಟ್ಟರೂ ಏನೂ ಆಗಲಿಲ್ಲ ಎಂದು ಬೇಸರಪಟ್ಟು, ಮುಂದಿನ ಸಲ ಬಟ್ಟೆಯೇ ಇಲ್ಲದೆ ಇಡುತ್ತಾರೆ. ಅಪಾಯ ಶುರುವಾಗುವುದು ಅಲ್ಲಿಂದ. ತೊಳೆದು ತೊಳೆದು ಮೆತ್ತಗಾದ ಹಳೆಯ ಕಾಟನ್ ಪಂಚೆಯ ತುಂಡು ಇದಕ್ಕೆ ಹೇಳಿ ಮಾಡಿಸಿದ್ದು. ನೀರೈಸಿನ ಚೀಲವಾದರೆ ತೆಳು ಬಟ್ಟೆಯ ಒಂದೋ ಎರಡೋ ಸುತ್ತು ಸಾಕು. ಒದ್ದೆ ಬಟ್ಟೆ ತಂಪನ್ನು ಒಣ ಬಟ್ಟೆಗಿಂತ ಬೇಗ ದಾಟಿಸುತ್ತದೆ, ಆದ್ದರಿಂದ ಒದ್ದೆ ಮಾಡಿ ಹಿಂಡಿ ಸುತ್ತಿದರೆ ಹತ್ತು ನಿಮಿಷಕ್ಕೇ ಹಿತವಾಗುತ್ತದೆ. ಬೇರೆ ದಾರಿಯಿಲ್ಲದೆ ಫ್ರೀಜರಿನ ಜೆಲ್ ಪ್ಯಾಕನ್ನೇ ಬಳಸುವಾಗ ಬಟ್ಟೆ ಒಣಗಿರಬೇಕು, ಮೂರು ನಾಲ್ಕು ಮಡಿಕೆ ಇರಬೇಕು, ಫ್ರೀಜರಿನಿಂದ ತೆಗೆದು ಹತ್ತು ನಿಮಿಷ ಹೊರಗಿಟ್ಟ ಮೇಲೆಯೇ ಬಳಸಬೇಕು.

ಇದೆಲ್ಲ ನಡೆಯುವ ಬಗೆಯನ್ನು ತಿಳಿಯಲು ಒಬ್ಬರನ್ನು ಕಲ್ಪಿಸಿಕೊಳ್ಳೋಣ. ಬಾಡಿಗೆ ಕಾರು ಓಡಿಸುವ ನಲವತ್ತರ ಗಂಡಸು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಿಬರುವಾಗ ಗಾಡಿ ನಿಲ್ಲಿಸಬೇಕಾಗುತ್ತದೆ ಎಂದು ನೀರೇ ಕುಡಿದಿಲ್ಲ. ಶುಕ್ರವಾರ ಬೆಳಿಗ್ಗೆ ಕಲ್ಲಿನಂತೆ ಗಟ್ಟಿಯಾದ ಮಲಕ್ಕೆ ಮುಕ್ಕರಿದಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಕಡಲೆಕಾಳಿನಷ್ಟು ಗಂಟು, ಸಂಜೆಗೆ ದ್ರಾಕ್ಷಿಯಷ್ಟು. ಸೀಟಿನ ಮೇಲೆ ಒಂದು ಕಡೆ ಒರಗಿಕೊಂಡೇ ಮನೆ ಸೇರಿದ್ದಾರೆ.

ಏಳು ಗಂಟೆಗೆ ಮೊದಲ ಸರದಿ. ಪ್ಯಾಕನ್ನು ಕುರ್ಚಿಯ ಮೇಲಿಟ್ಟು ಅದರ ಮೇಲೆ ಕೂರಬೇಕೆಂದು ಅವರಿಗೆ ಅನ್ನಿಸುತ್ತದೆ, ಎಲ್ಲರಿಗೂ ಅನ್ನಿಸುವುದು ಹಾಗೇ. ಆದರೆ ಮೈಭಾರವೆಲ್ಲ ಬಿದ್ದರೆ ಅಲ್ಲಿನ ರಕ್ತ ಸಂಚಾರ ನಿಲ್ಲುತ್ತದೆ. ಬೆಚ್ಚನೆಯ ರಕ್ತ ಬಂದು ಚರ್ಮವನ್ನು ಕಾಪಾಡುವುದಿಲ್ಲ, ಶೀತ ಇನ್ನೂ ಬೇಗ ಒಳಗಿಳಿಯುತ್ತದೆ. ಊದಿದ ಗಂಟೂ ಒತ್ತಡಕ್ಕೆ ಇನ್ನಷ್ಟು ಬಿಗಿಯುತ್ತದೆ. ಚಾಪೆಯ ಮೇಲೆ ಎಡಮಗ್ಗುಲಾಗಿ ಮಲಗಿ, ಮೊಣಕಾಲುಗಳನ್ನು ಹೊಟ್ಟೆಯ ಕಡೆಗೆ ಮಡಚಿ, ಬಟ್ಟೆ ಸುತ್ತಿದ ಪ್ಯಾಕನ್ನು ಹಿಂದಿನಿಂದ ಮೆಲ್ಲಗೆ ತಾಗಿಸಿ ಹಿಡಿದರೆ ಸಾಕು. ಒತ್ತಬಾರದು. ಮೊಬೈಲಿನಲ್ಲಿ ಹತ್ತು ನಿಮಿಷಕ್ಕೆ ಅಲಾರಾಂ ಇಟ್ಟುಕೊಳ್ಳಬೇಕು, ಯಾಕೆಂದರೆ ಇಡೀ ದಿನ ನರಳಿದವರಿಗೆ ನೋವು ಇಳಿಯುತ್ತಿದ್ದಂತೆ ಕಣ್ಣು ಮುಚ್ಚುತ್ತದೆ. ಐಸಿನಿಂದ ಸುಟ್ಟುಕೊಂಡವರಲ್ಲಿ ಪ್ಯಾಕ್ ಇಟ್ಟುಕೊಂಡೇ ನಿದ್ದೆ ಹೋದವರು ಇದ್ದೇ ಇರುತ್ತಾರೆ.

ಆ ಹತ್ತು ನಿಮಿಷಗಳಲ್ಲಿ ಮೊದಲು ಬರುವುದು ಚಳಿ. ಬಳಿಕ ಒಂದಿಷ್ಟು ಉರಿ, ಆಮೇಲೆ ಆಳದಲ್ಲೊಂದು ಮಂದ ನೋವು, ಕೊನೆಗೆ ಮರಗಟ್ಟಿದ ಭಾವ. ಮರಗಟ್ಟಿತು ಎನ್ನಿಸಿದ ಕೂಡಲೇ ಕೆಲಸ ಮುಗಿಯಿತು. ಅಲಾರಾಂ ಹೊಡೆಯದಿದ್ದರೂ ತೆಗೆದುಬಿಡಬೇಕು. ಅಲ್ಲಿಂದ ಮುಂದೆ ಇಟ್ಟುಕೊಂಡರೆ ಸಿಗುವ ಲಾಭ ಕಡಿಮೆ, ಆಗುವ ಹಾನಿಯ ಸೂಚನೆ ಕೊಡಲು ನರಗಳೂ ಎಚ್ಚರವಾಗಿರುವುದಿಲ್ಲ. ಮೊದಲ ಸಲ ಹತ್ತು ನಿಮಿಷ ಮಾಡಿ, ಚರ್ಮಕ್ಕೆ ಒಗ್ಗಿದೆ ಎಂದು ಕಂಡರೆ ಮುಂದಿನ ಸಲಕ್ಕೆ ಹದಿನೈದು ಮಾಡಬಹುದು. ಯಾವ ಕಾರಣಕ್ಕೂ ಇಪ್ಪತ್ತು ದಾಟಬಾರದು. ಎರಡು ಸರದಿಗಳ ನಡುವೆ ಕನಿಷ್ಠ ಒಂದು ಗಂಟೆ ಬಿಡಬೇಕು, ಎರಡು ಗಂಟೆಯಾದರೆ ಇನ್ನೂ ಒಳ್ಳೆಯದು. ಚರ್ಮ ಪೂರ್ತಿ ಬೆಚ್ಚಗಾಗಿ, ಮುಟ್ಟಿದರೆ ಮೊದಲಿನಂತೆ ಗೊತ್ತಾಗುವ ತನಕ ಮತ್ತೆ ಇಡುವಂತಿಲ್ಲ. ದಿನಕ್ಕೆ ನಾಲ್ಕೈದು ಸರದಿ ಸಾಕು.

ಒಂಬತ್ತೂವರೆಗೆ ಅವರು ಎರಡನೇ ಸರದಿ ಮಾಡಿ, ತೇವ ಒರೆಸಿ ಮಲಗುತ್ತಾರೆ. ರಾತ್ರಿ ನೋವಿಗೆ ಎಚ್ಚರವಾದರೆ ಎದ್ದು ಕುಳಿತು, ಅಲಾರಾಂ ಇಟ್ಟು, ಇನ್ನೊಂದು ಸಲ ಮಾಡಬಹುದು. ಶನಿವಾರ ನೋವು ಅತಿ ಹೆಚ್ಚಿರುತ್ತದೆ. ಹೆಪ್ಪುಗಟ್ಟಿದ ಗಂಟಿನ ಸ್ವಭಾವವೇ ಹಾಗೆ, ಮೊದಲ ಎರಡು ದಿನ ಏರುತ್ತಾ ಹೋಗಿ ಆಮೇಲೆ ಇಳಿಯತೊಡಗುತ್ತದೆ. ಐಸು ಹಿಡಿಯಲಿಲ್ಲ ಎಂದು ಶನಿವಾರ ಬೆಳಿಗ್ಗೆಯೇ ತೀರ್ಮಾನಿಸಬಾರದು. ಐಸು ಇಟ್ಟುಕೊಂಡು ತಡೆದುಕೊಂಡೇ ದಿನ ದೂಡುವುದೂ ಸರಿಯಲ್ಲ. ನೋವು ತಾಳಲಾಗದಷ್ಟಿದ್ದರೆ ಡಾಕ್ಟರು ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು ಹೆಪ್ಪನ್ನು ತೆಗೆಯುವ ಚಿಕ್ಕ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಅದರಿಂದ ಹೆಚ್ಚು ಪ್ರಯೋಜನ ಸಿಗುವುದು ಗಂಟು ಎದ್ದ ಮೂರು ದಿನಗಳ ಒಳಗೆ. ಸೋಮವಾರ ಹೋದರೆ, ‘ಹೇಗೂ ಇಳೀತಾ ಇದೆಯಲ್ಲ, ಇನ್ನು ಕುಯ್ಯೋದು ಬೇಡ’ ಎನ್ನುವ ಮಾತೇ ಬರುವುದು ಹೆಚ್ಚು. ಹಾಗಾಗಿ ಶನಿವಾರ ಸಂಜೆಯೊಳಗೆ ತೋರಿಸುವುದೋ ಬೇಡವೋ ಎಂದು ನಿರ್ಧರಿಸಬೇಕು.

ಭಾನುವಾರದ ಹೊತ್ತಿಗೆ ಬಾವು ಹೆಚ್ಚುವುದು ನಿಂತಿರುತ್ತದೆ, ಐಸಿನ ಮುಖ್ಯ ಕೆಲಸ ಅಲ್ಲಿಗೆ ಮುಗಿಯುತ್ತದೆ. ಈಗ ಕಾಡುವುದು ಗುದದ್ವಾರದ ಸುತ್ತಲಿನ ಸ್ನಾಯುಗಳ ಸೆಳೆತ. ಅದಕ್ಕೆ ಬೆಚ್ಚನೆಯ ನೀರು ಬೇಕು. ಅಗಲವಾದ ಬೋಗುಣಿ ಅಥವಾ ಟಬ್ಬಿನಲ್ಲಿ ಮೈಗೆ ಹಿತವಾದ ನೀರು ಹಾಕಿ, ಮಲವಿಸರ್ಜನೆಯ ನಂತರ ಹತ್ತು ಹದಿನೈದು ನಿಮಿಷ ಕೂತರೆ ಸೆಳೆತ ಸಡಿಲುತ್ತದೆ. ತಂಪು ಮೊದಲೋ ಬಿಸಿ ಮೊದಲೋ ಎಂಬ ವಾದಕ್ಕೆ ನನ್ನ ಉತ್ತರ ಇಷ್ಟೇ: ಬಿಗಿಯಾಗಿ ಊದುತ್ತಿರುವಾಗ ತಂಪು, ಊತ ನಿಂತು ಹಿಂಡುವ ನೋವು ಉಳಿದಾಗ ಬಿಸಿ. ಎರಡನ್ನೂ ಒಂದರ ಹಿಂದೊಂದರಂತೆ ಒಟ್ಟಿಗೇ ಮಾಡಿ ಚರ್ಮವನ್ನು ಗೋಳಾಡಿಸುವುದು ಬೇಡ.

ಚರ್ಮ ಕೆಡುತ್ತಿದೆಯೋ ಎಂದು ನೋಡಲು ಕೈಗನ್ನಡಿ ಬೇಕು, ಇಲ್ಲವೇ ಮನೆಯವರು ನೋಡಬೇಕು. ಪ್ಯಾಕ್ ತೆಗೆದ ಮೇಲೆ ಚರ್ಮ ಸ್ವಲ್ಪ ಕೆಂಪಾಗಿ ಹತ್ತಿಪ್ಪತ್ತು ನಿಮಿಷದಲ್ಲಿ ಮೊದಲಿನಂತಾದರೆ ಸರಿಯಾಗಿಯೇ ಇದೆ. ಬಿಳಿಚಿಕೊಂಡರೆ ಅಪಾಯ ಎಂದು ಪುಸ್ತಕಗಳು ಹೇಳುತ್ತವೆ. ಆದರೆ ನಮ್ಮ ಗೋಧಿ ಬಣ್ಣದ, ಕಪ್ಪು ಮೈಯಲ್ಲಿ, ಅದರಲ್ಲೂ ಸಹಜವಾಗಿಯೇ ಕಪ್ಪಾಗಿರುವ ಆ ಜಾಗದಲ್ಲಿ, ಬಿಳಿ ಕಾಣದೆ ಬೂದಿ ಬಡಿದಂತೆ ಕಾಣಬಹುದು. ಅದಕ್ಕಿಂತ ನಂಬಬಹುದಾದದ್ದು ಬೆರಳಿನ ಸ್ಪರ್ಶ. ಚರ್ಮ ಮೇಣದಂತೆ ಗಟ್ಟಿಯಾಗಿದ್ದರೆ, ಅರ್ಧ ಗಂಟೆಯಾದರೂ ಜೋಮು ಬಿಡದಿದ್ದರೆ, ಬೊಬ್ಬೆ ಎದ್ದರೆ ಶೀತಕ್ಕೆ ಸುಟ್ಟಿದೆ ಎಂದೇ ಲೆಕ್ಕ. ಆಗ ಉಜ್ಜಬಾರದು, ಬಿಸಿನೀರಿನ ಚೀಲ ಇಡಬಾರದು, ಬೊಬ್ಬೆ ಒಡೆಯಬಾರದು. ಐಸು ನಿಲ್ಲಿಸಿ, ಆ ಜಾಗ ತಾನಾಗಿ ಬೆಚ್ಚಗಾಗಲು ಬಿಟ್ಟು ಡಾಕ್ಟರಿಗೆ ತೋರಿಸಬೇಕು.

ಮುಲಾಮಿನ ಬಗ್ಗೆ ಅಂಗಡಿಯಲ್ಲಿ ಯಾರೂ ಹೇಳದ ಒಂದು ಮಾತಿದೆ. ಪೈಲ್ಸಿಗೆಂದು ಕೊಡುವ ಹಲವು ಮುಲಾಮುಗಳಲ್ಲಿ ಲಿಗ್ನೊಕೇನ್ ಎಂಬ ಮರಗಟ್ಟಿಸುವ ಔಷಧ ಇರುತ್ತದೆ. ಅದನ್ನು ಹಚ್ಚಿದ ಮೇಲೆ ಚರ್ಮಕ್ಕೆ ಚಳಿಯ ಉರಿ ಗೊತ್ತಾಗುವುದಿಲ್ಲ. ಅದರ ಮೇಲೆ ಐಸಿಟ್ಟರೆ ಸುಡುತ್ತಿರುವುದನ್ನು ಹೇಳುವವರೇ ಇರುವುದಿಲ್ಲ. ಮೊದಲು ಐಸು, ಚರ್ಮ ಬೆಚ್ಚಗಾಗಿ ಒಣಗಿದ ಮೇಲೆ ಮುಲಾಮು. ಕ್ರಮ ಹೀಗಿದ್ದರೆ ತೊಂದರೆಯಿಲ್ಲ.

ತೇವವೂ ಅಷ್ಟೇ ಕಾಡುತ್ತದೆ. ಚೀಲದ ಹೊರಗೆ ಕಟ್ಟಿದ ಹನಿಗಳು ಬಟ್ಟೆಯನ್ನು ನೆನೆಸಿ ನೆನೆಸಿ, ಎರಡು ದಿನದಲ್ಲಿ ಸುತ್ತಲ ಚರ್ಮ ಬಿಳುಪೇರಿ ಸುಕ್ಕಾಗುತ್ತದೆ, ಆಮೇಲೆ ತುರಿಕೆ ಹಿಡಿಯುತ್ತದೆ. ಪೈಲ್ಸ್ ಇಳಿದ ಮೇಲೂ ವಾರಗಟ್ಟಲೆ ಕೆರೆದುಕೊಳ್ಳುವವರಿಗೆ ಕೆಲವೊಮ್ಮೆ ಇದೇ ಮೂಲ. ಪ್ರತಿ ಸರದಿಯ ನಂತರ ಮೆತ್ತಗಿನ ಬಟ್ಟೆಯಿಂದ ಒತ್ತಿ ಒತ್ತಿ ನೀರು ಹೀರಿಸಬೇಕು, ಉಜ್ಜಬಾರದು. ಒಣಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿಯನ್ನು ತೆಳ್ಳಗೆ ಸವರಿದರೆ ಮುಂದಿನ ತೇವದಿಂದ ರಕ್ಷಣೆ ಸಿಗುತ್ತದೆ. ಜೆಲ್ಲಿ ಹಚ್ಚಿದ್ದೇನೆ, ಇನ್ನು ಬಟ್ಟೆ ಬೇಡ ಎಂದುಕೊಳ್ಳಬಾರದು. ಅದು ತಡೆಯುವುದು ನೀರನ್ನು, ಶೀತವನ್ನಲ್ಲ. ಟಾಯ್ಲೆಟ್ಟಿನಲ್ಲಿ ಜೆಟ್ ಸ್ಪ್ರೇಯ ರಭಸವೂ ಈ ದಿನಗಳಲ್ಲಿ ಬೇಡ, ಚೊಂಬಿನ ನೀರೇ ಮೇಲು. ಐಸಿನ ಚೂರನ್ನು ಒಳಗೆ ತೂರಿಸುವ ಸಾಹಸವನ್ನಂತೂ ಯಾರೂ ಮಾಡಬಾರದು. ಒಳಪದರ ಹೊರಗಿನ ಚರ್ಮಕ್ಕಿಂತ ತೆಳು, ಐಸು ಅದಕ್ಕೆ ಅಂಟಿಕೊಂಡು ಕಿತ್ತು ಬರುತ್ತದೆ.

ಕೆಲವರು ಐಸಿನ ಹತ್ತಿರವೇ ಹೋಗಬಾರದು. ಸಕ್ಕರೆ ಕಾಯಿಲೆ ಹಳೆಯದಾಗಿ ಪಾದ ಜೋಮು ಹಿಡಿಯುವವರು, ಚಳಿಗೆ ಬೆರಳು ಬಿಳಿಚಿ ನೀಲಿಗಟ್ಟುವವರು, ತಣ್ಣೀರು ತಾಗಿದರೆ ಮೈಮೇಲೆ ದದ್ದು ಏಳುವವರು ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು. ಮೈಸೂರು, ಚಾಮರಾಜನಗರ, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲಿ ಕಾಣುವ ಸಿಕಲ್ ಸೆಲ್ ರಕ್ತಹೀನತೆ ಇರುವವರಿಗೂ ಇದೇ ಮಾತು, ಏಕೆಂದರೆ ಶೀತದಿಂದ ಅವರ ನೋವು ಕೆರಳಬಹುದು. ಬೆನ್ನಿಗೆ ಚುಚ್ಚಿ ಅರಿವಳಿಕೆ ಕೊಟ್ಟವರು ಆ ಭಾಗಕ್ಕೆ ಸ್ಪರ್ಶಜ್ಞಾನ ಪೂರ್ತಿ ಮರಳುವವರೆಗೆ ಕಾಯಬೇಕು.

ಬಾಣಂತಿಯರ ವಿಷಯದಲ್ಲಿ ಮನೆಯಲ್ಲಿ ಒಂದು ಜಗಳ ಖಂಡಿತ. ಹೆರಿಗೆಯ ಮುಕ್ಕರಿಕೆಗೆ ಪೈಲ್ಸ್ ಊದುವುದು ಮಾಮೂಲು. ಬೆಚ್ಚಗೆ ಹೊದಿಸಿ, ಬಿಸಿನೀರು ಬಿಟ್ಟು ಬೇರೇನೂ ಮುಟ್ಟಿಸದೆ ಇಟ್ಟಿರುವ ಮಗಳ ಕೋಣೆಗೆ ಯಾರಾದರೂ ಐಸು ತಂದರೆ ಅಜ್ಜಿ ಸುಮ್ಮನಿರುತ್ತಾರೆಯೇ? ‘ಬಾಣಂತಿಗೆ ತಂಡಿ ಮುಟ್ಟಿಸ್ತೀಯಾ, ಹಾಲು ಬತ್ತಿ ಹೋಗಲ್ವೇನೇ?’ ಎಂದು ಗದರುತ್ತಾರೆ. ಹತ್ತು ನಿಮಿಷ ಆ ಜಾಗಕ್ಕಷ್ಟೇ ಇಡುವ ತಂಪು ಎದೆಹಾಲನ್ನು ಬತ್ತಿಸುವುದಿಲ್ಲ. ಅಜ್ಜಿಯ ಮನಸ್ಸೂ ನೋಯಬಾರದು ಎಂದಿದ್ದರೆ ಮೈಗೆಲ್ಲ ಕಂಬಳಿ ಹೊದಿಸಿ, ಆ ಜಾಗಕ್ಕೆ ಮಾತ್ರ ತಣ್ಣನೆಯ ಬಟ್ಟೆ ಇಡಬಹುದು. ಹೊಲಿಗೆ ಹಾಕಿದ್ದರೆ ಅದಕ್ಕೆ ಬಳಸುವ ಬಟ್ಟೆ ಪ್ರತಿ ಸಲವೂ ಒಗೆದು ಬಿಸಿಲಿಗೆ ಒಣಗಿಸಿದ್ದಾಗಿರಬೇಕು.

ಫ್ರಿಜ್ಜಿಲ್ಲದ ಮನೆಗಳಿಗೂ ದಾರಿ ಇದೆ. ಮಣ್ಣಿನ ಮಡಕೆಯ ನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಎರಡು ಮೂರು ನಿಮಿಷಕ್ಕೊಮ್ಮೆ ಬದಲಿಸುತ್ತಾ ಕಾಲು ಗಂಟೆ ಇಟ್ಟರೆ ಬಾವಿನ ಉರಿ ಇಳಿಯುತ್ತದೆ. ಐಸಿನಷ್ಟು ಮರಗಟ್ಟಿಸದು, ಆದರೆ ಸುಡುವ ಭಯ ಇಲ್ಲವೇ ಇಲ್ಲ. ವಯಸ್ಸಾದವರಿಗೆ, ಚರ್ಮ ತೆಳ್ಳಗಾದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಮೀನು ಮಾರುಕಟ್ಟೆಯಿಂದಲೋ ಜ್ಯೂಸ್ ಅಂಗಡಿಯಿಂದಲೋ ಐಸ್ ತಂದರೆ ಅದು ಮುಚ್ಚಿದ ಚೀಲದೊಳಗೇ ಇರಲಿ, ಕರಗಿದ ನೀರು ಚರ್ಮಕ್ಕೆ ತಾಗದಿರಲಿ.

ಈ ಕೆಳಗಿನ ಲಕ್ಷಣಗಳಿದ್ದಾಗ ಐಸು ಇಡುವುದೆಂದರೆ ಹೊತ್ತು ಕಳೆದಂತೆ. ಜ್ವರ ಬಂದು, ಗಂಟು ಬಿಸಿಯಾಗಿ ಟಪಟಪ ಸಿಡಿಯುತ್ತಾ ದಿನದಿನಕ್ಕೂ ನೋವು ಏರುತ್ತಿದ್ದರೆ ಅದು ಕೀವಿನ ಬಾವಿರಬಹುದು. ಒಳಗಿನ ಗಂಟು ಹೊರಬಂದು, ತಳ್ಳಿದರೂ ಒಳಹೋಗದೆ ಕಪ್ಪಾಗುತ್ತಿದ್ದರೆ, ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆ ಸೇರಬೇಕು. ನೋವಿಲ್ಲದೆ ಪದೇ ಪದೇ ರಕ್ತ ಹೋಗುತ್ತಿದ್ದರೆ ಪೈಲ್ಸೇ ಎಂದು ತಾವೇ ತೀರ್ಮಾನಿಸದೆ ಪರೀಕ್ಷೆ ಮಾಡಿಸಬೇಕು, ನಲವತ್ತೈದು ದಾಟಿದವರಂತೂ ಮುಂದೂಡಲೇಬಾರದು. ಮಲ ಹೋಗುವಾಗ ಬ್ಲೇಡಿನಿಂದ ಕೊಯ್ದಂತಾಗುವುದು ಸಾಮಾನ್ಯವಾಗಿ ಗುದದ ಬಿರುಕು. ಅದಕ್ಕೆ ಐಸಿಗಿಂತ ಬಿಸಿನೀರಿನ ಟಬ್ಬೇ ಹಿತ.

ನಮ್ಮ ಡ್ರೈವರಿಗೆ ಹತ್ತು ದಿನಗಳಲ್ಲಿ ನೋವು ಬಹುಮಟ್ಟಿಗೆ ಹೋಗುತ್ತದೆ. ಗಂಟು ಕುಗ್ಗಿ, ತಿಂಗಳೊಪ್ಪತ್ತಿನಲ್ಲಿ ಅಲ್ಲೊಂದು ಮೆತ್ತಗಿನ ಚರ್ಮದ ಜೋಲು ಉಳಿಯಬಹುದು. ಅದು ನೋಯದಿದ್ದರೆ ಅದಕ್ಕೆ ಐಸೂ ಬೇಡ, ಮುಲಾಮೂ ಬೇಡ. ಅವರು ಬಳಸಿದ ಪೌಚನ್ನು ಮನೆಯವರು ಎಸೆಯಬೇಕು, ಬಟ್ಟೆಯನ್ನು ಕುದಿನೀರಿನಲ್ಲಿ ಒಗೆಯಬೇಕು. ಜೆಲ್ ಪ್ಯಾಕಾದರೆ ಸೋಪಿನಿಂದ ತೊಳೆದು, ಮುಚ್ಚಳವಿರುವ ಡಬ್ಬಿಗೆ ಹಾಕಿ, ಹೆಸರು ಬರೆದು ಫ್ರಿಜ್ಜಿನ ಬೇರೆ ಮೂಲೆಯಲ್ಲಿಡಬೇಕು. ಸಂಕೋಚಕ್ಕೆ ಹೇಳದೆ ಸುಮ್ಮನೆ ಇಟ್ಟರೆ, ಮಕ್ಕಳು ಆಡುವಾಗ ಮಂಡಿಗೆ ಪೆಟ್ಟು ಮಾಡಿಕೊಂಡು ಓಡಿಬಂದು ಅದನ್ನೇ ಎಳೆದುಕೊಳ್ಳುತ್ತಾರೆ.